ತಪ್ಪು ಉತ್ತರವನ್ನು ಎಲ್ಲಿಂದ ತರಬೇಕು?

ಬನವಾಸಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಶಾಲೆಗಳಲ್ಲಿ ಎಂಟನೇ ತರಗತಿಗೆ ಇಂಗ್ಲಿಷ್ ಕಲಿಸುವ ಮಾಸ್ತರರಿಗೂ ಅಕ್ಕೋರಿಗೂ ನಮಸ್ಕಾರ.

ಆರ್ಟಿಕಲ್ ಮತ್ತು ಪ್ರಿಪೊಸಿಷನ್ ಮೇಲೆ ಹತ್ತು ಅಂಕದ ಒಂದು ಕಿರುಪರೀಕ್ಷೆ ನೀವೆಲ್ಲರೂ ಕೊಡುವಂಥದ್ದೇ. ಒಂದು ವಾಕ್ಯ, ನಡುವೆ ಖಾಲಿ ಜಾಗ, ಕೆಳಗೆ ನಾಲ್ಕು ಆಯ್ಕೆ. ಸರಿಯುತ್ತರ ಯಾವುದೆಂದು ನಮಗೆ ಮೊದಲೇ ಗೊತ್ತಿರುತ್ತದೆ, ಹಾಗಾಗಿ ಯೋಚನೆಯೆಲ್ಲ ಅದರ ಸುತ್ತಲೇ ಸುತ್ತುತ್ತದೆ. ಉಳಿದ ಮೂರು ಜಾಗಕ್ಕೆ ಕೈಗೆ ಸಿಕ್ಕಿದ ಮೂರು ಪದ ತುಂಬುತ್ತೇವೆ. ‘ದಿ ಕ್ಯಾಟ್ ಈಸ್ ಸಿಟ್ಟಿಂಗ್ ____ ದಿ ಚೇರ್’ ಎಂದು ಬರೆದು ಕೆಳಗೆ ‘ಆನ್, ಆಫ್, ಅಂಟಿಲ್, ಡ್ಯೂರಿಂಗ್’ ಎಂದು ಕೊಟ್ಟರೆ ಯಾವ ಮಗುವೂ ‘ಅಂಟಿಲ್’ ಆರಿಸುವುದಿಲ್ಲ, ‘ಡ್ಯೂರಿಂಗ್’ ಕಡೆ ತಿರುಗಿಯೂ ನೋಡುವುದಿಲ್ಲ. ನಾಲ್ಕು ಆಯ್ಕೆಯ ಹತ್ತು ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕುವ ಮಗುವಿಗೆ ಲೆಕ್ಕದ ಪ್ರಕಾರ ಎರಡು ಮೂರು ಅಂಕ ಬರಬೇಕು. ಪ್ರತಿ ಪ್ರಶ್ನೆಯಲ್ಲೂ ಎರಡು ಆಯ್ಕೆ ಹೀಗೆ ಸತ್ತೇ ಹುಟ್ಟಿದ್ದರೆ, ಅವನ್ನು ಬಿಟ್ಟು ಉಳಿದೆರಡರಲ್ಲಿ ಊಹಿಸುವ ಮಗುವಿಗೆ ಐದು ಬರುತ್ತದೆ. ಅಂಕಪಟ್ಟಿಯಲ್ಲಿ ಅದು ಪಾಸು, ಆದರೆ ಆ ಮಗುವಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದು ಯಾರಿಗೂ ತಿಳಿಯದೆ ಉಳಿಯುತ್ತದೆ. ನಾನು ನಿಮ್ಮ ಮುಂದಿಡುವ ವಾದ ಒಂದೇ. ತಪ್ಪು ಆಯ್ಕೆಗಳನ್ನು ಇಂಗ್ಲಿಷ್ ಪದಗಳ ರಾಶಿಯಿಂದ ಹೆಕ್ಕಬಾರದು, ಮಗುವಿನ ತಲೆಯಲ್ಲಿ ಆಗಲೇ ಓಡುತ್ತಿರುವ ಕನ್ನಡ ವಾಕ್ಯದಿಂದ ತರಬೇಕು. ಉತ್ತರದ ಕೆಳಗೆ ಬರೆಯುವ ಒಂದು ಸಾಲಿನ ಕಾರಣವೂ ಆ ಕನ್ನಡ ವಾಕ್ಯಕ್ಕೇ ಉತ್ತರ ಕೊಡಬೇಕು.

ಆರ್ಟಿಕಲ್ ಪಾಠ ಸಾಮಾನ್ಯವಾಗಿ ‘ಕನ್ನಡದಲ್ಲಿ ಇದು ಇಲ್ಲ’ ಎಂಬ ಮಾತಿನಿಂದ ಶುರುವಾಗುತ್ತದೆ. ಪದವಾಗಿ ಇಲ್ಲ ಎನ್ನುವುದು ನಿಜ, ಆದರೆ ಆ ಪದದ ಹಿಂದಿನ ತಿಳಿವಳಿಕೆ ಇದೆ. ‘ಮರ ಕಡಿದರು’ ಎಂದಾಗ ಯಾವುದೋ ಮರ, ಎಷ್ಟೋ ಮರ. ‘ಮರವನ್ನು ಕಡಿದರು’ ಎಂದಾಗ ನಾವಿಬ್ಬರೂ ಬಲ್ಲ ಮರವೇ ಹೋಯಿತೆಂದು ಸಾಮಾನ್ಯವಾಗಿ ಅರ್ಥವಾಗುತ್ತದೆ. ‘ಅನ್ನು’ ಬಂದದ್ದೇ ಮರ ನಿರ್ದಿಷ್ಟವಾಯಿತು. ಪದಗಳ ಜಾಗ ಬದಲಾದರೂ ಇದೇ ಆಗುತ್ತದೆ. ‘ಅಂಗಳದಲ್ಲಿ ಹಸು ಇದೆ’ ಎಂದರೆ ಕೇಳುವವನಿಗೆ ಹಸುವಿನ ಸುದ್ದಿ ಹೊಸದು. ‘ಹಸು ಅಂಗಳದಲ್ಲಿದೆ’ ಎಂದರೆ ಹಸು ಯಾವುದೆಂದು ಅವನಿಗೆ ಗೊತ್ತು, ಅದು ಎಲ್ಲಿದೆ ಎಂಬುದಷ್ಟೇ ಹೊಸ ಸಂಗತಿ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಎ ಕೌ’, ಎರಡನೆಯದಕ್ಕೆ ‘ದಿ ಕೌ’. ಎಂಟನೇ ತರಗತಿಯ ಮಗು ಈ ಭೇದವನ್ನು ದಿನಕ್ಕೆ ನೂರು ಸಲ ತಪ್ಪಿಲ್ಲದೆ ಮಾಡುತ್ತದೆ. ಅದನ್ನು ಮಾಡಲು ಇಂಗ್ಲಿಷ್ ನಾಮಪದದ ಮುಂದೊಂದು ಸಣ್ಣ ಪದ ಇಡುತ್ತದೆ ಎಂಬುದೊಂದೇ ಅದಕ್ಕೆ ಹೊಸದು. ಹಾಗಾಗಿ ಮಗು ಮಾಡುವ ತಪ್ಪು ಅಡ್ಡಾದಿಡ್ಡಿ ತಪ್ಪಲ್ಲ, ಅದಕ್ಕೊಂದು ದಾರಿ ಇದೆ. ಆ ದಾರಿ ಹಿಡಿದು ಹೋದರೆ ಒಳ್ಳೆಯ ತಪ್ಪು ಆಯ್ಕೆ ಸಿಗುತ್ತದೆ.

ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. ಇಂಗ್ಲಿಷ್ ವಾಕ್ಯಗಳನ್ನು ಈ ಪತ್ರದುದ್ದಕ್ಕೂ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ. ಅದರಿಂದ ಆರ್ಟಿಕಲ್ ಪಾಠಕ್ಕೇ ಒಂದು ಲಾಭವಿದೆ, ಮುಂದೆ ಹೇಳುತ್ತೇನೆ.

‘ವಿ ಹ್ಯಾವ್ ____ ಕೌ ಆ್ಯಟ್ ಹೋಮ್. ____ ಕೌ ಈಸ್ ಬ್ರೌನ್.’
ಅ) ಎ – ದಿ   ಆ) ಏನೂ ಬೇಡ – ಏನೂ ಬೇಡ   ಇ) ಎ – ಎ   ಈ) ದಿ – ದಿ

ಸರಿಯುತ್ತರ ‘ಎ – ದಿ’. ‘ಏನೂ ಬೇಡ’ ಎರಡು ಕಡೆಯೂ ಹಾಕುವ ಮಗು ‘ಮನೆಯಲ್ಲಿ ಹಸು ಇದೆ, ಹಸು ಕಂದು ಬಣ್ಣದ್ದು’ ಎಂಬ ಕನ್ನಡವನ್ನು ಪದಕ್ಕೆ ಪದವಾಗಿ ದಾಟಿಸಿದೆ. ‘ಎ – ಎ’ ಹಾಕುವ ಮಗು ‘ಎ’ ಎಂದರೆ ‘ಒಂದು’ ಎಂದು ಕಲಿತಿದೆ. ಹಸು ಎರಡನೇ ವಾಕ್ಯದಲ್ಲೂ ಒಂದೇ ಇದೆಯಲ್ಲ, ಮತ್ತೇಕೆ ಬದಲಿಸಬೇಕು ಎಂಬುದು ಅದರ ಲೆಕ್ಕ. ‘ದಿ – ದಿ’ ಹಾಕುವ ಮಗುವಿನ ಮಟ್ಟಿಗೆ ಹಸು ಮನೆಯದು, ದಿನಾ ನೋಡುವಂಥದ್ದು, ಅಂದಮೇಲೆ ಗೊತ್ತಿರುವ ಹಸುವೇ. ಅದರ ತರ್ಕ ಅರ್ಧ ಸರಿ. ಹಸು ಗೊತ್ತಿರುವುದು ಹೇಳುವವನಿಗೆ, ಕೇಳುವವನಿಗೆ ಇನ್ನೂ ಗೊತ್ತಿಲ್ಲ ಎಂಬುದನ್ನು ಅದು ಗಮನಿಸಿಲ್ಲ. ಮೂರು ತಪ್ಪು, ಮೂರಕ್ಕೂ ಬೇರೆ ಬೇರೆ ಕಾರಣ. ‘ದಿ – ಎ’ ಎಂಬ ಜೋಡಿಯನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಸಾಲು ತುಂಬಿಸಲು ಅದು ಸುಲಭವಾಗಿ ಒದಗುತ್ತದೆ, ಆದರೆ ಅಲ್ಲಿಗೆ ಮಗುವನ್ನು ಕರೆದೊಯ್ಯುವ ಯೋಚನೆಯೇ ಇಲ್ಲ. ಕಾರಣದ ಸಾಲು ಹೀಗಿರಬಹುದು: ‘ಕೇಳುವವರಿಗೆ ಮೊದಲ ಸಲ ಹೇಳುವಾಗ ಎ; ಅದೇ ಹಸುವಿನ ಮಾತು ಮುಂದುವರಿದಾಗ, ಅವರಿಗೂ ಗೊತ್ತಾಗಿರುವುದರಿಂದ, ದಿ.’ ‘ಮೊದಲ ಸಲ ಎ, ಎರಡನೇ ಸಲ ದಿ’ ಎಂದಷ್ಟೇ ಬರೆದರೆ ಮಗು ಎಣಿಸಲು ಕಲಿಯುತ್ತದೆಯೇ ಹೊರತು ಕೇಳುವವನ ಕಡೆ ನೋಡಲು ಕಲಿಯುವುದಿಲ್ಲ. ‘ಕೇಳುವವರಿಗೆ’ ಎಂಬ ಆ ಒಂದು ಪದ ಸಾಲಿನಲ್ಲಿ ಇರಲೇಬೇಕು.

ಆರ್ಟಿಕಲ್ ಪ್ರಶ್ನೆಗೆ ‘ಎ, ಆ್ಯನ್, ದಿ, ಏನೂ ಬೇಡ’ ಎಂಬ ನಾಲ್ಕನ್ನೇ ಪ್ರತಿ ಸಲ ಕೊಡುವುದು ರೂಢಿ. ಅದರಲ್ಲೊಂದು ತೊಡಕಿದೆ. ಬನವಾಸಿಯನ್ನು ಮೂರು ಕಡೆ ಬಳಸಿ ಹರಿಯುವ ವರದಾ ನದಿಯನ್ನೇ ತೆಗೆದುಕೊಳ್ಳಿ. ‘ಬನವಾಸಿ ಈಸ್ ಆನ್ ದಿ ಬ್ಯಾಂಕ್ ಆಫ್ ____ ವರದಾ’ ಎಂದು ಬರೆದರೆ ‘ಆ್ಯನ್’ ಆಗಲೇ ಸತ್ತಿತು, ಏಕೆಂದರೆ ‘ವ’ ಮುಂದೆ ಅದು ಬಾರದು ಎಂಬುದು ಐದನೇ ತರಗತಿಯ ಮಗುವಿಗೂ ಗೊತ್ತು. ‘ಎ ವರದಾ’ ಎಂದೂ ಯಾರೂ ಬರೆಯಲಾರರು. ಉಳಿದದ್ದು ಎರಡೇ, ನಾಣ್ಯ ಚಿಮ್ಮಿದ ಹಾಗೆ. ಅದರ ಬದಲು ‘____ ವರದಾ ಫ್ಲೋಸ್ ಪಾಸ್ಟ್ ____ ಬನವಾಸಿ’ ಎಂದು ಎರಡು ಖಾಲಿ ಬಿಟ್ಟು, ಆಯ್ಕೆಗಳಾಗಿ ‘ದಿ – ಏನೂ ಬೇಡ’, ‘ಏನೂ ಬೇಡ – ಏನೂ ಬೇಡ’, ‘ದಿ – ದಿ’, ‘ಏನೂ ಬೇಡ – ದಿ’ ಕೊಟ್ಟರೆ ನಾಲ್ಕಕ್ಕೂ ಜೀವ ಬರುತ್ತದೆ. ಅಂಕಿತನಾಮಕ್ಕೆ ಆರ್ಟಿಕಲ್ ಇಲ್ಲ ಎಂದು ಉರುಹೊಡೆದ ಮಗು ಎರಡನೆಯದಕ್ಕೆ ಹೋಗುತ್ತದೆ. ವಿಶೇಷವಾದದ್ದಕ್ಕೆಲ್ಲ ‘ದಿ’ ಎಂದುಕೊಂಡ ಮಗು ಮೂರನೆಯದಕ್ಕೆ ಹೋಗುತ್ತದೆ. ನಿಯಮ ಕೇಳಿದ್ದು ನೆನಪಿದೆ ಆದರೆ ತಿರುಗುಮುರುಗಾಗಿದೆ ಎನ್ನುವ ಮಗುವಿಗೆ ನಾಲ್ಕನೆಯದು. ಕಾರಣ ಚಿಕ್ಕದು: ‘ನದಿಯ ಹೆಸರಿಗೆ ದಿ ಬೇಕು, ಊರಿನ ಹೆಸರಿಗೆ ಬೇಡ.’ ಅಘನಾಶಿನಿ, ಶರಾವತಿ, ಬೇಡ್ತಿ ಎಲ್ಲಕ್ಕೂ ಇದೇ ಮಾತು. ಆದರೆ ಜೋಗವನ್ನೋ ಉಂಚಳ್ಳಿಯನ್ನೋ ಕಿರುಪರೀಕ್ಷೆಗೆ ತರಬೇಡಿ. ಜಲಪಾತದ ಹೆಸರಿನ ಮುಂದೆ ‘ದಿ’ ಬಿಡುವುದೇ ಹೆಚ್ಚು ಬಳಕೆಯದಾದರೂ, ಹಾಕಿ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ದೊಡ್ಡವರ ಬರವಣಿಗೆಯಲ್ಲೇ ಎರಡು ಬಗೆ ಕಾಣುವ ಕಡೆ ಮಗುವಿನ ಅಂಕ ಕಡಿಯುವುದು ನ್ಯಾಯವಲ್ಲ.

‘ಎ’ ಮತ್ತು ‘ಆ್ಯನ್’ ನಡುವಿನ ಪ್ರಶ್ನೆಗೆ ನಮ್ಮ ಲಿಪಿ ಎಂಥ ಸಹಾಯ ಮಾಡುತ್ತದೆ ಎಂಬುದನ್ನು ನಾವು ಸಾಕಷ್ಟು ಬಳಸಿಕೊಂಡಿಲ್ಲ ಎಂದು ನನಗನ್ನಿಸುತ್ತದೆ. ನಿಯಮ ಇರುವುದು ಉಚ್ಚಾರಕ್ಕೆ, ಕಾಗುಣಿತಕ್ಕಲ್ಲ. ಕನ್ನಡ ಲಿಪಿ ಬರೆಯುವುದು ಉಚ್ಚಾರವನ್ನೇ. ಪದವನ್ನು ಕನ್ನಡದಲ್ಲಿ ಬರೆದು ಮೊದಲ ಅಕ್ಷರ ನೋಡಿದರೆ ಮುಗಿಯಿತು. ‘ಅವರ್’ ಸ್ವರದಿಂದ ಶುರು, ಆ್ಯನ್ ಅವರ್. ‘ಯೂನಿಫಾರ್ಮ್’ ವ್ಯಂಜನದಿಂದ ಶುರು, ಎ ಯೂನಿಫಾರ್ಮ್. ‘ಎಂ.ಎಲ್.ಎ.’ ಮತ್ತು ‘ಎಸ್.ಎಸ್.ಎಲ್.ಸಿ.’ ಕನ್ನಡದಲ್ಲಿ ‘ಎ’ ಸ್ವರದಿಂದ ಶುರುವಾಗುತ್ತವೆ, ಆದ್ದರಿಂದ ಆ್ಯನ್. ಆದರೆ ಇಲ್ಲಿ ಎರಡು ಬಗೆಯ ತಪ್ಪು ಬೆರೆತಿರುತ್ತವೆ, ಅವನ್ನು ಬೇರ್ಪಡಿಸಬೇಕು. ‘ಇಟ್ ಟುಕ್ ಅಸ್ ____ ಅವರ್ ಟು ವಾಕ್ ಹೋಮ್’ ಎಂಬಲ್ಲಿ ‘ಎ’ ಹಾಕುವುದು ಕಣ್ಣಿನ ತಪ್ಪು. ಇಂಗ್ಲಿಷ್ ಕಾಗುಣಿತದ ಎಚ್ ಅಕ್ಷರ ಕಂಡು ಮಗು ಮೋಸಹೋಗಿದೆ. ‘ಐ ಏಟ್ ____ ಎಗ್’ ಎಂಬಲ್ಲಿ ‘ಎ’ ಹಾಕುವುದು ಕಿವಿಯ ತಪ್ಪು. ಎಲೆಗೆ ‘ಯೆಲೆ’ ಎನ್ನುವ ನಾಲಗೆ ಮೊಟ್ಟೆಗೂ ‘ಯೆಗ್’ ಎನ್ನುತ್ತದೆ, ‘ಯ’ ವ್ಯಂಜನವಾದ್ದರಿಂದ ‘ಎ’ ಹಾಕಿದ್ದು ಆ ಮಗುವಿನ ಮಟ್ಟಿಗೆ ನಿಯಮದ ಪಾಲನೆಯೇ ಆಗಿದೆ. ಎರಡಕ್ಕೂ ಒಂದೇ ಕಾರಣದ ಸಾಲು ಬರೆದರೆ ಎರಡನೇ ಮಗುವಿಗೆ ಏನೂ ಸಿಗುವುದಿಲ್ಲ. ಅದಕ್ಕೆ ಹೇಳಬೇಕಾದದ್ದು: ‘ಇಂಗ್ಲಿಷಿನಲ್ಲಿ ಇದು ಶುದ್ಧ ಎ ಸ್ವರ, ಮುಂದೆ ಯಕಾರ ಇಲ್ಲ, ಆದ್ದರಿಂದ ಆ್ಯನ್.’ ಲಿಪಿಯ ಉಪಾಯಕ್ಕೂ ಮಿತಿ ಇದೆ. ‘ಒಂದು ರೂಪಾಯಿ ನಾಣ್ಯ’ಕ್ಕೆ ನಾವು ‘ಒನ್ ರುಪೀ ಕಾಯಿನ್’ ಎಂದು ಸ್ವರ ಹಾಕಿ ಬರೆಯುತ್ತೇವೆ, ಇಂಗ್ಲಿಷಿನ ಉಚ್ಚಾರ ಮಾತ್ರ ವಕಾರದಿಂದ ಶುರುವಾಗುತ್ತದೆ, ಹಾಗಾಗಿ ‘ಎ’ಯೇ ಸರಿ. ಇಲ್ಲಿ ಲಿಪಿ ದಾರಿ ತಪ್ಪಿಸುತ್ತದೆ, ‘ವನ್’ ಎನ್ನುವ ನಮ್ಮ ನಾಲಗೆಯೇ ದಾರಿ ತೋರಿಸುತ್ತದೆ. ಇಂಥ ಒಂದೆರಡು ಪದಗಳನ್ನು ಪಾಠದಲ್ಲಿ ಹೇಳಿ, ಪರೀಕ್ಷೆಯಲ್ಲಿ ಒಂದನ್ನಷ್ಟೇ ಇಟ್ಟರೆ ಸಾಕು.

ಪ್ರಿಪೊಸಿಷನ್‌ಗೆ ಬಂದಾಗ ಕನ್ನಡದ ಕೈವಾಡ ಇನ್ನೂ ಸ್ಪಷ್ಟ. ಅದೇ ಮಕ್ಕಳು ಕನ್ನಡದ ತಾಸಿನಲ್ಲಿ ವಿಭಕ್ತಿ ಪ್ರತ್ಯಯ ಓದುತ್ತಾರೆ. ಇಂಗ್ಲಿಷ್ ತಾಸಿಗೆ ಬರುವಾಗ ಆ ಪಾಠವನ್ನು ಹೊರಗೆ ಬಿಟ್ಟು ಬರಬೇಕೆಂದು ಯಾರೂ ಹೇಳಿಲ್ಲ, ಆದರೂ ಎರಡೂ ಒಂದನ್ನೊಂದು ನೋಡುವುದೇ ಇಲ್ಲ. ನಮ್ಮ ‘ಅಲ್ಲಿ’ ಒಂದೇ ಪ್ರತ್ಯಯ ಇಂಗ್ಲಿಷಿನ ‘ಇನ್, ಆ್ಯಟ್, ಆನ್’ ಮೂರರ ಕೆಲಸ ಮಾಡುತ್ತದೆ: ಬನವಾಸಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಗೋಡೆಯಲ್ಲಿ. ‘ಗೆ’ ಎಂಬುದು ಊರಿಗೂ ಬರುತ್ತದೆ, ಹತ್ತು ಗಂಟೆಗೂ ಬರುತ್ತದೆ, ನಾಯಿಗೆ ಹೆದರುವಾಗಲೂ ಬರುತ್ತದೆ. ‘ಭಾನುವಾರ ಬಾ’ ಎನ್ನುವಾಗ ಪ್ರತ್ಯಯವೇ ಇಲ್ಲ. ಇವು ಒಂದೊಂದೂ ಒಂದೊಂದು ತಪ್ಪು ಆಯ್ಕೆಯ ತವರುಮನೆ. ‘ದಿ ಪಿಕ್ಚರ್ ಈಸ್ ಹ್ಯಾಂಗಿಂಗ್ ____ ದಿ ವಾಲ್’ ಎಂಬ ವಾಕ್ಯವನ್ನು ಮಗು ಮೂರು ಬಗೆಯಲ್ಲಿ ಕನ್ನಡಕ್ಕೆ ತಂದುಕೊಳ್ಳಬಹುದು. ಗೋಡೆಯಲ್ಲಿ ಪಟ ಇದೆ, ಗೋಡೆಗೆ ಪಟ ತೂಗುಹಾಕಿದೆ, ಗೋಡೆಯ ಮೇಲೆ ಪಟ ಇದೆ. ಮೂರೂ ಒಳ್ಳೆಯ ಕನ್ನಡ. ಅವುಗಳಿಂದಲೇ ‘ಇನ್’, ‘ಟು’, ‘ಅಬವ್’ ಎಂಬ ಮೂರು ತಪ್ಪು ಆಯ್ಕೆ ತಾವಾಗಿ ಹುಟ್ಟುತ್ತವೆ. ಸರಿಯುತ್ತರ ‘ಆನ್’. ಕಾರಣ: ‘ಗೋಡೆಯ ಮೈಗೆ ತಾಗಿಕೊಂಡಿದೆ, ತಾಗಿದ್ದರೆ ಆನ್, ತಾಗದೆ ಮೇಲ್ಗಡೆ ಇದ್ದರೆ ಅಬವ್.’ ಹಲ್ಲಿ ಮಾಡಿನ ಒಳಮೈಗೆ ಅಂಟಿಕೊಂಡು ತಲೆಕೆಳಗಾಗಿದ್ದರೂ ಇಂಗ್ಲಿಷಿಗೆ ಅದು ‘ಆನ್’. ಕನ್ನಡದ ‘ಮೇಲೆ’ಗೂ ಇಂಗ್ಲಿಷಿನ ‘ಆನ್’ಗೂ ಇರುವ ದೂರ ಮಗುವಿಗೆ ಹೊಳೆಯುವುದು ಇಂಥ ಚಿತ್ರದಲ್ಲಿ.

ಇನ್ನು ‘ಇಂದ’. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ದೊಡ್ಡವರಾಗಿ ನೌಕರಿಗೆ ಸೇರಿದ ಮೇಲೂ ನಮ್ಮವರ ಇಂಗ್ಲಿಷಿನಲ್ಲಿ ಉಳಿದುಬಿಡುವ ತಪ್ಪು ಇದು. ‘ಎರಡು ವರ್ಷದಿಂದ ಇಲ್ಲಿ ಓದುತ್ತಿದ್ದಾಳೆ’, ‘ಜೂನ್‌ನಿಂದ ಇಲ್ಲಿ ಓದುತ್ತಿದ್ದಾಳೆ.’ ಕನ್ನಡ ಎರಡಕ್ಕೂ ಒಂದೇ ಪ್ರತ್ಯಯ ಹಾಕಿ ನಿಶ್ಚಿಂತೆಯಿಂದಿದೆ. ಇಂಗ್ಲಿಷ್ ಅಲ್ಲಿ ಭೇದ ಮಾಡುತ್ತದೆ. ಎರಡು ವರ್ಷ ಎಂಬುದು ಕಾಲದ ಅಳತೆ, ಅದಕ್ಕೆ ‘ಫಾರ್’. ಜೂನ್ ಎಂಬುದು ಶುರುವಾದ ಬಿಂದು, ಅದಕ್ಕೆ ‘ಸಿನ್ಸ್’. ಇದನ್ನು ಪರೀಕ್ಷಿಸುವ ಬಗೆ ಒಂದೇ, ಜೋಡಿ ಪ್ರಶ್ನೆ.

‘ಶಿ ಹ್ಯಾಸ್ ಬೀನ್ ಸ್ಟಡಿಯಿಂಗ್ ಹಿಯರ್ ____ ಟೂ ಇಯರ್ಸ್.’
‘ಶಿ ಹ್ಯಾಸ್ ಬೀನ್ ಸ್ಟಡಿಯಿಂಗ್ ಹಿಯರ್ ____ ಜೂನ್.’
ಎರಡಕ್ಕೂ ಆಯ್ಕೆ: ಅ) ಫ್ರಮ್   ಆ) ಸಿನ್ಸ್   ಇ) ಫಾರ್

ಇಲ್ಲಿ ಆಯ್ಕೆ ಮೂರೇ ಕೊಟ್ಟಿದ್ದೇನೆ. ನಾಲ್ಕನೆಯದಕ್ಕೆ ‘ಬೈ’ ಎಂದೋ ‘ವಿತ್’ ಎಂದೋ ಸೇರಿಸಬಹುದಿತ್ತು, ಅವೂ ‘ಇಂದ’ದ ಅರ್ಥಗಳೇ, ಆದರೆ ಕಾಲದ ಮಾತಿನಲ್ಲಿ ಮಗು ಅವನ್ನು ಮುಟ್ಟುವುದಿಲ್ಲ. ನಾಲ್ಕೇ ಇರಬೇಕೆಂಬುದು ಮುದ್ರಣದ ಅಭ್ಯಾಸವೇ ಹೊರತು ಮಾಪನದ ನಿಯಮವಲ್ಲ. ಮೈಕೆಲ್ ರಾಡ್ರಿಗಸ್ ಎಂಬ ಅಮೆರಿಕದ ಮಾಪನಶಾಸ್ತ್ರಜ್ಞ 80 ವರ್ಷಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ 2005ರಲ್ಲಿ ಹೇಳಿದ್ದೂ ಇದನ್ನೇ: ಬಹುತೇಕ ಪ್ರಶ್ನೆಗಳಿಗೆ ಮೂರು ಆಯ್ಕೆ ಸಾಕು. ಸತ್ತ ನಾಲ್ಕನೆಯದಕ್ಕಿಂತ ಬದುಕಿದ ಮೂರು ಮೇಲು. ಈಗ ಮೂವತ್ತು ಮಕ್ಕಳ ತರಗತಿಯೊಂದನ್ನು ಕಲ್ಪಿಸಿಕೊಳ್ಳಿ. ಎರಡರಲ್ಲೂ ‘ಸಿನ್ಸ್’ ಹಾಕಿದವರನ್ನು ಒಂದು ಕಡೆ ಎಣಿಸಿ. ಅವರಿಗೆ ಒಂದು ಅಂಕ ಬಂದಿರುತ್ತದೆ, ಆದರೆ ಅದು ಕಲಿತದ್ದರ ಅಂಕವಲ್ಲ. ‘ಇಂದ’ಕ್ಕೆ ಪ್ರತಿಯಾಗಿ ಅವರ ಬಳಿ ಇರುವುದು ಒಂದೇ ಪದ. ಎರಡರಲ್ಲೂ ‘ಫ್ರಮ್’ ಹಾಕಿದವರು ಇನ್ನೂ ಊರಿಂದ ಊರಿಗೆ ಹೋಗುವ ‘ಇಂದ’ದಲ್ಲೇ ಇದ್ದಾರೆ. ಎರಡನ್ನೂ ಅದಲುಬದಲು ಮಾಡಿದವರಿಗೆ ಭೇದ ಇದೆಯೆಂದು ಗೊತ್ತು, ಯಾವುದು ಯಾವುದಕ್ಕೆ ಎಂಬುದು ಮರೆತಿದೆ. ಅವರಿಗೆ ಐದು ನಿಮಿಷದ ಮಾತು ಸಾಕು. ಮೊದಲಿನವರಿಗೆ ಸಾಲದು, ಅವರ ಮುಂದೆ ‘ಅಳತೆಯೋ, ಬಿಂದುವೋ’ ಎಂಬ ಪ್ರಶ್ನೆಯನ್ನೇ ಹೊಸದಾಗಿ ಇಡಬೇಕು. ಒಂಟಿ ಪ್ರಶ್ನೆ ಕೇಳಿದ್ದರೆ ಈ ಮೂರು ಗುಂಪಿನ ಗುರುತೇ ಸಿಗುತ್ತಿರಲಿಲ್ಲ. ‘ಫ್ರಮ್’ ಏಕೆ ಬೇಡ ಎಂಬುದನ್ನೂ ಕಾರಣದಲ್ಲಿ ಹೇಳಿ: ‘ಆಗ ಶುರುವಾಗಿ ಈಗಲೂ ನಡೆಯುತ್ತಿದೆ ಎನ್ನಲು ಸಿನ್ಸ್, ಫ್ರಮ್ ಬಂದರೆ ಎಲ್ಲಿಯವರೆಗೆ ಎಂಬುದೂ ಬೆನ್ನಿಗೇ ಬರುವುದು ರೂಢಿ, ಫ್ರಮ್ ಟೆನ್ ಟು ಫೋರ್ ಎನ್ನುವ ಹಾಗೆ.’

ಪ್ರಿಪೊಸಿಷನ್ ಬೇಡವೇ ಬೇಡ ಎನ್ನುವ ಕಡೆಯನ್ನೂ ಪರೀಕ್ಷೆಯಲ್ಲಿ ಇಡಬೇಕು. ‘ವಿ ರೀಚ್ಡ್ ____ ಶಿರಸಿ ಬಿಫೋರ್ ಡಾರ್ಕ್’ ಎಂಬಲ್ಲಿ ‘ಶಿರಸಿಗೆ ತಲುಪಿದೆವು’ ಎಂಬ ಕನ್ನಡದಿಂದ ‘ಟು’ ಬರುತ್ತದೆ, ‘ಅರೈವ್’ ಕ್ರಿಯಾಪದದ ನೆನಪಿನಿಂದ ‘ಇನ್’ ಮತ್ತು ‘ಆ್ಯಟ್’ ಬರುತ್ತವೆ. ಉತ್ತರ ‘ಏನೂ ಬೇಡ’. ಇದರ ಕಾರಣ ಹೇಳಲು ಇಂಗ್ಲಿಷ್ ವ್ಯಾಕರಣದ ಪರಿಭಾಷೆ ಬೇಕಾಗಿಲ್ಲ. ಕೇಶಿರಾಜನ ಶಬ್ದಮಣಿದರ್ಪಣದ ಕಾಲದಿಂದ ನಮ್ಮ ವ್ಯಾಕರಣದಲ್ಲಿ ವಿಭಕ್ತಿ ಪಲ್ಲಟ ಎಂಬ ಮಾತಿದೆ. ‘ಊರಿಗೆ ಸೇರಿದನು’ ಎಂಬಲ್ಲಿ ‘ಊರನ್ನು ಸೇರಿದನು’ ಎಂದೂ ಹೇಳುತ್ತೇವೆ. ಇಂಗ್ಲಿಷಿನ ‘ರೀಚ್’ ಎರಡನೆಯದನ್ನು ಮಾತ್ರ ಒಪ್ಪುತ್ತದೆ. ‘ರೀಚ್ ಎಂದರೆ ಊರನ್ನು ತಲುಪು, ಅನ್ನು ಇರುವ ಕಡೆ ಇಂಗ್ಲಿಷಿಗೆ ಪ್ರಿಪೊಸಿಷನ್ ಬೇಡ’ ಎಂದು ಬರೆದರೆ ಮಗುವಿಗೆ ತನ್ನ ವಾಕ್ಯವನ್ನು ತಾನೇ ತಿದ್ದಿಕೊಳ್ಳುವ ಒಂದು ಹಿಡಿತ ಸಿಗುತ್ತದೆ. ಇದು ಎಲ್ಲ ಕ್ರಿಯಾಪದಕ್ಕೂ ನಡೆಯುವುದಿಲ್ಲ ಎಂಬ ಎಚ್ಚರವೂ ಬೇಕು. ‘ನನ್ನನ್ನು ನೋಡು’ ಎಂಬಲ್ಲಿ ‘ಅನ್ನು’ ಇದ್ದರೂ ಇಂಗ್ಲಿಷ್ ‘ಲುಕ್ ಆ್ಯಟ್ ಮಿ’ ಎನ್ನುತ್ತದೆ. ಹಾಗಾಗಿ ಆ ಸಾಲನ್ನು ‘ರೀಚ್’ ಎಂಬ ಪದಕ್ಕೆ ಕಟ್ಟಿಯೇ ಬರೆಯಿರಿ, ಸಾರ್ವತ್ರಿಕ ನಿಯಮವೆಂಬಂತೆ ಬರೆಯಬೇಡಿ.

ಇದಕ್ಕೆಲ್ಲ ಬರುವ ಮೊದಲ ಆಕ್ಷೇಪ ಹಗುರವಾದದ್ದಲ್ಲ. ನಂಬುವಂಥ ತಪ್ಪನ್ನು ಅಚ್ಚುಹಾಕಿ ಮಗುವಿನ ಮುಂದಿಟ್ಟರೆ ಅದೇ ತಲೆಯಲ್ಲಿ ಕೂರುವುದಿಲ್ಲವೇ? ಕೂರಬಹುದು. ಹೆನ್ರಿ ರೋಡಿಗರ್ ಮತ್ತು ಎಲಿಜಬೆತ್ ಮಾರ್ಷ್ 2005ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಆಯ್ಕೆಯ ಪ್ರಶ್ನೆ ಬಿಡಿಸಿದವರು ಮುಂದಿನ ಪರೀಕ್ಷೆಯಲ್ಲಿ ಹೆಚ್ಚು ಸರಿಯುತ್ತರ ಕೊಟ್ಟರು, ಜೊತೆಗೆ ತಾವು ಓದಿದ ತಪ್ಪು ಆಯ್ಕೆಗಳನ್ನೂ ಹೆಚ್ಚಾಗಿ ಉತ್ತರವೆಂದು ಬರೆದರು. 2008ರಲ್ಲಿ ಆಂಡ್ರ್ಯೂ ಬಟ್ಲರ್ ಮತ್ತು ರೋಡಿಗರ್ ಸೇರಿ ನೋಡಿದಾಗ, ಪರೀಕ್ಷೆಯ ನಂತರ ಸರಿಯುತ್ತರ ತಿಳಿಸಿದರೆ ಲಾಭ ಹೆಚ್ಚಿ ಈ ಕೆಡುಕು ತಗ್ಗುತ್ತದೆ ಎಂದು ಕಂಡಿತು. ಅವರು ಪರೀಕ್ಷಿಸಿದ್ದು ಕಾಲೇಜಿನ ವಿದ್ಯಾರ್ಥಿಗಳನ್ನು, ಅದೂ ಓದಿದ ಪಾಠದ ಸಂಗತಿಗಳ ಮೇಲೆ. ನಮ್ಮ ಎಂಟನೇ ತರಗತಿಯ ವ್ಯಾಕರಣಕ್ಕೆ ಅದನ್ನು ಹಾಗೇ ಹಚ್ಚಲಾಗದು. ಆದರೂ ಅದರಿಂದ ಒಂದು ಮಾತು ನಮಗೆ ಸಲ್ಲುತ್ತದೆ. ಕಾರಣದ ಸಾಲು ಪ್ರಶ್ನೆಪತ್ರಿಕೆಗೆ ಹಚ್ಚಿದ ಅಲಂಕಾರವಲ್ಲ, ತಪ್ಪು ಆಯ್ಕೆಯನ್ನು ಮಗುವಿನ ಮುಂದಿಡಲು ನಮಗೆ ಹಕ್ಕು ಬರುವುದೇ ಅದರಿಂದ. ಪತ್ರಿಕೆ ಮನೆಗೆ ಒಯ್ದು ತಿದ್ದಿ ಹದಿನೈದು ದಿನ ಬಿಟ್ಟು ಅಂಕ ಓದಿ ಹೇಳುವುದಾದರೆ ನಂಬುವಂಥ ತಪ್ಪು ಆಯ್ಕೆ ಕೊಡದಿರುವುದೇ ಒಳ್ಳೆಯದು. ಪರೀಕ್ಷೆಗೆ ಹದಿನೈದು ನಿಮಿಷ, ಅದೇ ತಾಸಿನಲ್ಲಿ ಉಳಿದ ಹೊತ್ತು ಉತ್ತರ ಮತ್ತು ಕಾರಣಕ್ಕೆ, ಹೀಗೆ ನಡೆದರೆ ಮಾತ್ರ ನನ್ನ ವಾದ ನಿಲ್ಲುತ್ತದೆ.

ಎರಡನೆಯ ಆಕ್ಷೇಪ, ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು, ಕನ್ನಡದಲ್ಲಿ ಕಾರಣ ಹೇಳಿದರೆ ಮಗು ಕನ್ನಡದಲ್ಲೇ ಯೋಚಿಸುತ್ತ ಉಳಿಯುತ್ತದೆ ಎಂಬುದು. ಮಾತಾಡುವುದಕ್ಕೆ, ಓದುವುದಕ್ಕೆ, ಕತೆ ಹೇಳುವುದಕ್ಕೆ ಇಂಗ್ಲಿಷೇ ಇರಲಿ, ಅದರಲ್ಲಿ ತಕರಾರಿಲ್ಲ. ಆದರೆ ‘ಸಿನ್ಸ್ ಟೂ ಇಯರ್ಸ್’ ಎಂದು ಬರೆದ ಮಗು ಆಗಲೇ ಕನ್ನಡದಲ್ಲಿ ಯೋಚಿಸಿದೆ, ನಾವು ಮಾತಿನಲ್ಲಿ ಕನ್ನಡ ತಂದದ್ದರಿಂದ ಅಲ್ಲ. ಆ ಯೋಚನೆಯ ಹೆಸರೆತ್ತದೆ ಅದನ್ನು ತಿದ್ದುವುದು ಹೇಗೆ? ಇದೇ ಮಾತಿಗೆ ಇನ್ನೊಂದು ಮುಖವಿದೆ: ನಮ್ಮ ತರಗತಿಗಳಲ್ಲಿ ಎಲ್ಲರ ಮನೆಮಾತೂ ಕನ್ನಡವಲ್ಲ, ಕೊಂಕಣಿ, ಉರ್ದು, ಮರಾಠಿ ಆಡುವ ಮಕ್ಕಳಿದ್ದಾರೆ. ಆ ಭಾಷೆಗಳಲ್ಲೂ ‘ದಿ’ ಎಂಬಂಥ ಪದ ಇಲ್ಲ, ಅವೂ ನಾಮಪದದ ಹಿಂದೆ ಪ್ರತ್ಯಯ ಹಚ್ಚುವ ಭಾಷೆಗಳೇ. ಉರ್ದುವಿನ ‘ಸೇ’ ನಮ್ಮ ‘ಇಂದ’ದ ಹಾಗೆಯೇ ‘ದೋ ಸಾಲ್ ಸೇ’ ಎನ್ನುತ್ತದೆ. ಅದರಲ್ಲಿ ‘ಮೇಂ’ ಮತ್ತು ‘ಪರ್’ ಬೇರೆ ಬೇರೆ ಇರುವುದರಿಂದ ಗೋಡೆಯ ಪಟದ ಪ್ರಶ್ನೆಯಲ್ಲಿ ಆ ಮಗು ಎಡವದೆ ಇರಬಹುದು. ಅಂದರೆ ಆಯ್ಕೆಗಳು ಹೆಚ್ಚಾಗಿ ಎಲ್ಲರಿಗೂ ಹೊಂದುತ್ತವೆ, ಹೊಂದದ ಕಡೆ ಆ ಮಗುವಿನ ಮನೆಯ ವಾಕ್ಯವನ್ನು ಕೇಳಿ ತಿಳಿದುಕೊಳ್ಳಬೇಕಾಗುತ್ತದೆ.

ಮೂರನೆಯ ಮಾತನ್ನು ನಾನು ಆಕ್ಷೇಪ ಎನ್ನದೆ ಎಚ್ಚರಿಕೆ ಎಂದೇ ತೆಗೆದುಕೊಳ್ಳುತ್ತೇನೆ. ಪ್ರಿಪೊಸಿಷನ್ನಿನಲ್ಲಿ ಎಷ್ಟೋ ಕಡೆ ಕಾರಣವೇ ಇಲ್ಲ. ‘ದಿ ಕಾಫ್ ಈಸ್ ಅಫ್ರೇಡ್ ____ ದಿ ಡಾಗ್’ ಎಂಬಲ್ಲಿ ‘ನಾಯಿಗೆ ಹೆದರುತ್ತದೆ’ಯಿಂದ ‘ಟು’, ‘ನಾಯಿಯಿಂದ ಭಯ’ದಿಂದ ‘ಫ್ರಮ್’, ಒಳ್ಳೆಯ ಎರಡು ತಪ್ಪು ಆಯ್ಕೆ ಸಿಗುತ್ತವೆ. ಸರಿಯುತ್ತರ ‘ಆಫ್’. ಏಕೆ ಆಫ್? ಇಂಗ್ಲಿಷಿನ ಬಳಕೆ ಹಾಗಿದೆ, ಅಷ್ಟೆ. ಇಲ್ಲಿ ಇಲ್ಲದ ನಿಯಮವನ್ನು ಕಟ್ಟಿ ಹೇಳಿದರೆ ಮಗು ಅದನ್ನು ನಂಬಿ ಇನ್ನೊಂದು ಕಡೆ ಹಚ್ಚಿ ಬೀಳುತ್ತದೆ. ‘ಅಫ್ರೇಡ್ ಆಫ್ ಎಂಬುದು ಜೋಡಿಪದ, ಕನ್ನಡದ ಗೆ ನೋಡಿ ಟು ಹಾಕಬೇಡ, ಜೋಡಿಯಾಗಿಯೇ ನೆನಪಿಡು’ ಎಂದು ಬರೆಯುವುದು ಪ್ರಾಮಾಣಿಕವಾದ ಕಾರಣ. ಹತ್ತರಲ್ಲಿ ಇಂಥವು ಎರಡಕ್ಕಿಂತ ಹೆಚ್ಚು ಬೇಡ, ಏಕೆಂದರೆ ಇವು ಅಳೆಯುವುದು ನೆನಪನ್ನು.

ಇಷ್ಟೆಲ್ಲ ಯೋಚಿಸಿ ಪ್ರಶ್ನೆ ತೆಗೆಯಲು ಸಮಯ ಎಲ್ಲಿ ಎಂದು ನೀವು ಕೇಳುವುದು ಸಹಜ. ಯೋಚಿಸುವ ಕೆಲಸದ ಬಹುಪಾಲನ್ನು ಮಕ್ಕಳೇ ಮಾಡಿಕೊಡುತ್ತಾರೆ. ಮೊದಲ ವರ್ಷ ಆಯ್ಕೆಗಳನ್ನು ಕೊಡಲೇಬೇಡಿ. ಹನ್ನೆರಡು ಹದಿನೈದು ವಾಕ್ಯ ಹಲಗೆಯ ಮೇಲೆ ಖಾಲಿ ಬಿಟ್ಟು ಬರೆದು, ತೋಚಿದ್ದನ್ನು ಪಟ್ಟಿಯಲ್ಲಿ ಬರೆಯಲು ಹೇಳಿ, ಏನೂ ಬೇಡವೆನಿಸಿದರೆ ಗೀಟು ಎಳೆಯಲಿ. ಸಂಜೆ ಕುಳಿತು ಪ್ರತಿ ವಾಕ್ಯಕ್ಕೆ ಬಂದ ತಪ್ಪುಗಳನ್ನು ಗೀಟು ಹಾಕಿ ಎಣಿಸಿ. ಹೆಚ್ಚು ಸಲ ಬಂದ ಎರಡು ಮೂರು ತಪ್ಪುಗಳೇ ಮುಂದಿನ ಪರೀಕ್ಷೆಯ ಆಯ್ಕೆಗಳು. ನಾನು ಮೇಲೆ ಹೇಳಿದವು ಕನ್ನಡದ ವ್ಯಾಕರಣ ನೋಡಿ ಊಹಿಸಬಹುದಾದ ತಪ್ಪುಗಳು. ನಿಮ್ಮ ಮಕ್ಕಳ ಪಟ್ಟಿ ಬೇರೆ ಹೇಳಿದರೆ ಪಟ್ಟಿಯನ್ನೇ ನಂಬಿ. ಒಂದು ತಾಲೂಕಿನ ನಾಲ್ಕು ಶಾಲೆಗಳು ಹೀಗೆ ಎಣಿಸಿದ್ದನ್ನು ಹಂಚಿಕೊಂಡರೆ ಒಬ್ಬೊಬ್ಬರಿಗೆ ಮೂರು ಪ್ರಶ್ನೆಯ ಕೆಲಸ ಉಳಿಯುತ್ತದೆ. ಪರೀಕ್ಷೆ ಮುಗಿದ ಮೇಲೆ ಇನ್ನೆರಡು ಎಣಿಕೆ ಮಾಡಿ. ಮೂವತ್ತರಲ್ಲಿ ಒಬ್ಬರೂ ಆರಿಸದ ಆಯ್ಕೆ ಇದ್ದರೆ ಅದನ್ನು ಕಿತ್ತುಹಾಕಿ. ಉಳಿದ ಪ್ರಶ್ನೆಗಳಲ್ಲಿ ಚೆನ್ನಾಗಿ ಮಾಡಿದ ಏಳೆಂಟು ಮಕ್ಕಳು ಒಂದು ಪ್ರಶ್ನೆಯಲ್ಲಿ ಮಾತ್ರ ಒಟ್ಟಾಗಿ ತಪ್ಪು ಆಯ್ಕೆಗೆ ಹೋಗಿದ್ದರೆ, ಮಕ್ಕಳನ್ನು ಬಿಟ್ಟು ಪ್ರಶ್ನೆಯನ್ನು ನೋಡಿ. ಬಹಳ ಸಲ ಅಲ್ಲಿ ಎರಡು ಸರಿಯುತ್ತರ ಇರುತ್ತವೆ.

ಎರಡು ಸರಿಯುತ್ತರದ ಪ್ರಶ್ನೆ ಆರ್ಟಿಕಲ್‌ನಲ್ಲಿ ನುಸುಳುವಷ್ಟು ಸುಲಭವಾಗಿ ಬೇರೆಲ್ಲೂ ನುಸುಳುವುದಿಲ್ಲ. ‘ಹಿ ಈಸ್ ವೇರಿಂಗ್ ____ ಯೂನಿಫಾರ್ಮ್’ ಎಂದು ಬರೆದು ‘ಎ’ ಒಂದೇ ಸರಿ ಎಂದರೆ, ‘ನಮ್ಮ ಶಾಲೆಯ ಯೂನಿಫಾರ್ಮ್, ಎಲ್ಲರಿಗೂ ಗೊತ್ತಿರುವಂಥದ್ದು, ದಿ ಏಕಾಗಬಾರದು?’ ಎಂದು ಕೇಳುವ ಹುಡುಗಿಯ ಮಾತೇ ಸರಿ. ಈ ವಾಕ್ಯಕ್ಕೆ ಆಯ್ಕೆಗಳಲ್ಲಿ ‘ದಿ’ ಇರಬಾರದು, ಇಲ್ಲವೇ ವಾಕ್ಯವನ್ನೇ ಬದಲಿಸಬೇಕು. ಆದ್ದರಿಂದ ಅಚ್ಚಿಗೆ ಕೊಡುವ ಮೊದಲು ಪತ್ರಿಕೆಯನ್ನು ಪಕ್ಕದ ತರಗತಿಯ ಅಕ್ಕೋರಿಗೋ ಮಾಸ್ತರರಿಗೋ, ಉತ್ತರ ಮುಚ್ಚಿಟ್ಟು, ಬಿಡಿಸಲು ಕೊಡಿ. ಅವರು ಕನ್ನಡ ಕಲಿಸುವವರಾದರೆ ಇನ್ನೂ ಒಳ್ಳೆಯದು, ವಿಭಕ್ತಿಯ ಕಣ್ಣಿನಿಂದ ನೋಡುತ್ತಾರೆ. ಅವರು ಬೇರೆ ಉತ್ತರ ಆರಿಸಿ ಅದಕ್ಕೊಂದು ಕಾರಣ ಹೇಳಿ, ಆ ಕಾರಣವನ್ನು ಒಂದೇ ಸಾಲಿನಲ್ಲಿ ನೀವು ತಳ್ಳಿಹಾಕಲಾರದೆ ಹೋದರೆ, ಆ ಪ್ರಶ್ನೆಯನ್ನು ಹೊಡೆದುಹಾಕಿ. ಹತ್ತರ ಬದಲು ಎಂಟೇ ಉಳಿದರೂ ಅಡ್ಡಿಯಿಲ್ಲ, ಎಂಟು ಅಂಕಕ್ಕೇ ಪರೀಕ್ಷೆ ನಡೆಯಲಿ.

ಇಂತಿ ನಿಮ್ಮ ವಿಶ್ವಾಸಿ,
ಬನವಾಸಿಯಿಂದ